ತಂಗಳನ್ನ: ಎತ್ತಿಡುವುದು, ಬಿಸಿ ಮಾಡುವುದು

ಬೇಯಿಸಿದ ಹೊತ್ತಿನಲ್ಲಿ ಉಣ್ಣದೆ ಮುಂದಿನ ಊಟಕ್ಕೋ ಮರುದಿನಕ್ಕೋ ಉಳಿಸಿಕೊಂಡ ಅನ್ನವೇ ತಂಗಳನ್ನ. ದಕ್ಷಿಣ ಭಾರತದ ಮನೆಗಳಲ್ಲಿ ಇದು ಚಿತ್ರಾನ್ನವಾಗುತ್ತದೆ, ಮೊಸರನ್ನವಾಗುತ್ತದೆ, ಇಲ್ಲವೇ ಹಾಗೆಯೇ ಬಿಸಿಯಾಗಿ ಸಾರಿನ ಜೊತೆ ತಟ್ಟೆಗೆ ಬರುತ್ತದೆ. ಹೊಟ್ಟೆ ಕೆಟ್ಟಾಗ ಮನೆಮಂದಿ ಮೊದಲು ಅನುಮಾನಿಸುವುದು ಹೊರಗೆ ತಿಂದ ಪಾನಿಪೂರಿಯನ್ನು, ಮೀನು-ಮಾಂಸವನ್ನು, ಇಲ್ಲವೇ ಕುಡಿದ ನೀರನ್ನು. ಅನ್ನದ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ. ಆದರೆ ಒಲೆಯಿಂದ ಇಳಿದ ಮೇಲೆ ಅಡುಗೆಮನೆಯ ಕಟ್ಟೆಯ ಮೇಲೆ ಅದು ಕಳೆಯುವ ಗಂಟೆಗಳು ಆಗಾಗ ಮರುಕಳಿಸುವ ವಾಂತಿ-ಭೇದಿಗೆ ಒಂದು ಖಚಿತ ಕಾರಣ. ಆ ಗಂಟೆಗಳಲ್ಲಿ ಆದ ಕೆಡುಕನ್ನು ಮರುದಿನದ ಬಿಸಿ ಪೂರ್ತಿ ಸರಿಪಡಿಸಲಾರದು.

ಕಾರಣವಾದ ಜೀವಿ

ಬ್ಯಾಸಿಲಸ್ ಸೀರಿಯಸ್ ಮಣ್ಣಿನಲ್ಲಿ ಬದುಕುವ ಬ್ಯಾಕ್ಟೀರಿಯ. ಗದ್ದೆಯಿಂದ ಭತ್ತಕ್ಕೆ, ಭತ್ತದಿಂದ ಅಕ್ಕಿಗೆ ಅದು ಸಹಜವಾಗಿಯೇ ಬರುತ್ತದೆ. ಎಷ್ಟೇ ಚೊಕ್ಕಟವಾದ ಗಿರಣಿಯ ಅಕ್ಕಿಯಾದರೂ ಅದರಲ್ಲಿ ಒಂದಿಷ್ಟು ಇದ್ದೇ ಇರುತ್ತದೆ. ಒಣಗಿದ ಅಕ್ಕಿಯಲ್ಲಿ ಅದು ಬೆಳೆಯದೆ ಗಟ್ಟಿ ಕವಚದೊಳಗೆ ಬೀಜಾಣುವಾಗಿ ಮಲಗಿರುತ್ತದೆ. ಅಕ್ಕಿಯನ್ನು ನಾಲ್ಕು ನೀರಿನಲ್ಲಿ ತೊಳೆದರೆ ಬೀಜಾಣುಗಳ ಸಂಖ್ಯೆ ತಗ್ಗಬಹುದು, ಪೂರ್ತಿ ಹೋಗದು. ಅನ್ನ ಬೇಯುವಾಗಿನ 100 ಡಿಗ್ರಿ ಸೆಲ್ಸಿಯಸ್ ಶಾಖವನ್ನೂ ಈ ಬೀಜಾಣುಗಳಲ್ಲಿ ಕೆಲವು ತಾಳಿಕೊಳ್ಳುತ್ತವೆ. ಪ್ರೆಷರ್ ಕುಕ್ಕರಿನ ಒಳಗಿನ ಶಾಖ ಇನ್ನೂ ಹೆಚ್ಚು, ಆದ್ದರಿಂದ ಅಲ್ಲಿ ಸಾಯುವವು ಹೆಚ್ಚು. ಹಾಗೆಂದು ಮೂರು ವಿಶಲ್ ಕೂಗಿಸಿದ ಅನ್ನವನ್ನು ಡಬ್ಬಿಯಲ್ಲಿ ಮುಚ್ಚಿ ಬಂದ ಆಹಾರದಂತೆ ಭಾವಿಸಲಾಗದು. ಮುಚ್ಚಳ ತೆರೆದ ಮೇಲೆ ಸೌಟು, ಕೈ, ಗಾಳಿ ಎಲ್ಲವೂ ಅದನ್ನು ಮುಟ್ಟುತ್ತವೆ.

ಬೇಯಿಸುವ ಶಾಖ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಅದು ಪೈಪೋಟಿಗಿಳಿಯುವ ಬೇರೆ ಬ್ಯಾಕ್ಟೀರಿಯಗಳನ್ನು ಬಹುಪಾಲು ಕೊಂದುಹಾಕುತ್ತದೆ, ಉಳಿದ ಬೀಜಾಣುಗಳನ್ನು ನಿದ್ದೆಯಿಂದ ಎಬ್ಬಿಸುತ್ತದೆ. ಆರುತ್ತಿರುವ ಅನ್ನದಲ್ಲಿ ನೀರಿದೆ, ಪಿಷ್ಟವಿದೆ, ಹಿತವಾದ ಶಾಖವಿದೆ, ಎದುರಾಳಿಗಳಿಲ್ಲ. ಸುಮಾರು 10ರಿಂದ 50 ಡಿಗ್ರಿಯವರೆಗೆ ಈ ಜೀವಿ ಬೆಳೆಯಬಲ್ಲದು. 30ರ ಆಸುಪಾಸಿನಲ್ಲಂತೂ ಅದರ ಸಂಖ್ಯೆ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತದೆ ಎಂದು ಲೆಕ್ಕ ಹಿಡಿದರೆ ತಪ್ಪಾಗಲಾರದು.

ಪತ್ತೆಯಾದ ಬಗೆ

ಈ ಜೀವಿ ರೋಗ ತರುತ್ತದೆಂಬುದು ಗೊತ್ತಾದದ್ದು ಅನ್ನದಿಂದಲ್ಲ. 1940ರ ದಶಕದ ಕೊನೆಯಲ್ಲಿ ನಾರ್ವೆಯ ಆಸ್ಲೋ ನಗರದ ಆಸ್ಪತ್ರೆಯೊಂದರಲ್ಲಿ ವೆನಿಲಾ ಸಾಸ್ ತಿಂದ ಹಲವರಿಗೆ ಹೊಟ್ಟೆ ನುಲಿದು ಭೇದಿಯಾಯಿತು. ಸಾಸನ್ನು ಹಿಂದಿನ ದಿನವೇ ಮಾಡಿ ಹೊರಗಿಟ್ಟಿದ್ದರು. ಸ್ಟೈನರ್ ಹೌಗೆ ಎಂಬ ಸಂಶೋಧಕ ಈ ಬ್ಯಾಕ್ಟೀರಿಯವನ್ನು ಸಾಸಿನಲ್ಲಿ ಬೆಳೆಸಿ ಅದನ್ನು ತಾನೇ ಕುಡಿದ. ಸುಮಾರು ಅರ್ಧ ದಿನದ ಮೇಲೆ ಅವನಿಗೂ ಅದೇ ಹೊಟ್ಟೆನೋವು, ಅದೇ ಭೇದಿ ಹಿಡಿಯಿತು. ಇಂದಿನ ಯಾವ ನೀತಿಸಮಿತಿಯೂ ಒಪ್ಪದ ಪ್ರಯೋಗ ಅದು, ಆದರೆ ಸಂಶಯಕ್ಕೆ ಎಡೆಯನ್ನೇ ಉಳಿಸಲಿಲ್ಲ.

ಅನ್ನದ ಸರದಿ ಬಂದದ್ದು 1971ರಲ್ಲಿ, ಬ್ರಿಟನ್ನಿನಲ್ಲಿ. ಚೀನೀ ಹೋಟೆಲುಗಳ ಫ್ರೈಡ್ ರೈಸ್ ತಿಂದವರು ಒಂದೆರಡು ಗಂಟೆಗಳಲ್ಲೇ ವಾಂತಿ ಮಾಡಿಕೊಳ್ಳುತ್ತಿದ್ದರು. ಅಲ್ಲಿನ ಅಡುಗೆಮನೆಗಳ ಪದ್ಧತಿ ನಮ್ಮ ಮನೆಗಳಿಗೆ ಅಪರಿಚಿತವಲ್ಲ. ದೊಡ್ಡ ಪಾತ್ರೆಯಲ್ಲಿ ಅನ್ನ ಬೇಯಿಸಿ, ಬಸಿದು, ರಾತ್ರಿಯಿಡೀ ಹೊರಗೇ ಆರಲು ಬಿಟ್ಟು, ಮರುದಿನ ಮೊಟ್ಟೆಯೊಂದಿಗೆ ಕೆಲವೇ ನಿಮಿಷ ಹುರಿದು ಬಡಿಸುತ್ತಿದ್ದರು. ಫ್ರಿಜ್‌ನಲ್ಲಿಟ್ಟರೆ ಅನ್ನ ಗಂಟುಗಂಟಾಗಿ ಹುರಿಯಲು ತೊಡಕಾಗುತ್ತದೆ ಎಂಬುದು ಬಾಣಸಿಗರು ಕೊಡುತ್ತಿದ್ದ ಕಾರಣ. ಗಿಲ್ಬರ್ಟ್ ಮತ್ತು ಅವರ ಸಂಗಡಿಗರು 1974ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇಯಿಸಿದ ಮತ್ತು ಹುರಿದ ಅನ್ನದಲ್ಲಿ ಈ ಜೀವಿ ಉಳಿದು ಬೆಳೆಯುವುದನ್ನು ಪರೀಕ್ಷಿಸಿ ತೋರಿಸಿದರು. ಒಮ್ಮೆಗೇ ಬೆಟ್ಟದಷ್ಟು ಬೇಯಿಸಬೇಡಿ, ದಿನದಲ್ಲಿ ಹಲವು ಸಲ ಸ್ವಲ್ಪಸ್ವಲ್ಪ ಬೇಯಿಸಿ. ಬಿಸಿಯಾಗಿಡುವುದಾದರೆ 63 ಡಿಗ್ರಿಗಿಂತ ಮೇಲಿಡಿ. ಇಲ್ಲವೇ ಬೇಗ ಆರಿಸಿ ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ ಎಂಬುದು ಅವರ ಸಲಹೆ. ಅರ್ಧ ಶತಮಾನ ಕಳೆದರೂ ಅದರ ತಿರುಳು ಬದಲಾಗಿಲ್ಲ.

ಎರಡು ವಿಷ, ಎರಡು ಕಾಯಿಲೆ

ಒಂದೇ ಜೀವಿ ಎರಡು ಬಗೆಯಲ್ಲಿ ಕಾಡುತ್ತದೆ. ಭೇದಿ ತರುವ ಬಗೆಯಲ್ಲಿ ಬ್ಯಾಕ್ಟೀರಿಯ ಹೊಟ್ಟೆಗೆ ಹೋಗಿ ಸಣ್ಣ ಕರುಳಿನಲ್ಲಿ ವಿಷ ಉತ್ಪಾದಿಸುತ್ತದೆ. ಹಾಗಾಗಿ ನೋವು ಕಾಣಿಸಲು ಆರರಿಂದ ಹದಿನೈದು ಗಂಟೆ ಬೇಕು. ಈ ವಿಷ ಶಾಖಕ್ಕೆ ನಾಶವಾಗುತ್ತದೆ. ವಾಂತಿ ತರುವ ಬಗೆಯಲ್ಲಿ ವಿಷ ಪಾತ್ರೆಯಲ್ಲೇ, ಉಣ್ಣುವ ಮುನ್ನವೇ ತಯಾರಾಗಿರುತ್ತದೆ. ಅದಕ್ಕೆ ಸೀರ್ಯುಲೈಡ್ ಎಂದು ಹೆಸರು. ಅದು ತಟ್ಟೆಗೆ ಬಂದ ಮೇಲೆ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ಹೊಟ್ಟೆ ತೊಳಸಿ ವಾಂತಿಯಾಗುತ್ತದೆ.

ಅಡುಗೆಯವರು ತಿಳಿದಿರಬೇಕಾದ ಮುಖ್ಯ ಸಂಗತಿ ಸೀರ್ಯುಲೈಡಿನ ಗಡಸುತನ. 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಕಾಯಿಸಿದರೂ ಅದು ಉಳಿಯುತ್ತದೆ ಎಂದು ಪ್ರಯೋಗಾಲಯಗಳಲ್ಲಿ ಕಂಡಿದ್ದಾರೆ. ಒಗ್ಗರಣೆಯ ಬಾಣಲೆ, ಮೈಕ್ರೋವೇವ್, ಇಡ್ಲಿ ಪಾತ್ರೆಯ ಹಬೆ ಯಾವುದೂ ಆ ಮಟ್ಟವನ್ನು ಮುಟ್ಟುವುದಿಲ್ಲ. ಅದಕ್ಕೆ ವಾಸನೆಯಿಲ್ಲ, ರುಚಿಯಿಲ್ಲ, ಬಣ್ಣವಿಲ್ಲ. ಹಳಸಿದ ನಾತ, ಅಂಟು, ಕೈಗೆ ಹತ್ತುವ ನೂಲು ಇವೆಲ್ಲ ಅನ್ನ ಕೆಟ್ಟಿದೆ ಎನ್ನುವುದಕ್ಕೆ ನಿಜವಾದ ಗುರುತುಗಳು. ಇವು ಕಂಡರೆ ಚೆಲ್ಲಲೇಬೇಕು. ಆದರೆ ಇವು ಇಲ್ಲವೆಂದ ಮಾತ್ರಕ್ಕೆ ಅನ್ನ ಸರಿಯಿದೆ ಎಂದಾಗುವುದಿಲ್ಲ. ಮೂಸಿ ನೋಡಿ ತೀರ್ಮಾನಿಸುವ ರೂಢಿ ಎಡವುವುದು ಇಲ್ಲೇ.

ಹೀಗಿದ್ದರೆ ತಲೆಮಾರುಗಳಿಂದ ರಾತ್ರಿಯ ಅನ್ನವನ್ನು ಬೆಳಗ್ಗೆ ಉಂಡವರಿಗೆ ಏಕೆ ಏನೂ ಆಗಲಿಲ್ಲ ಎಂಬ ಪ್ರಶ್ನೆ ಸಹಜ. ಈ ಬ್ಯಾಕ್ಟೀರಿಯದ ಎಲ್ಲ ತಳಿಗಳೂ ಸೀರ್ಯುಲೈಡ್ ತಯಾರಿಸುವುದಿಲ್ಲ, ಕೆಲವು ಮಾತ್ರ ತಯಾರಿಸುತ್ತವೆ. ಆದ್ದರಿಂದ ಕಟ್ಟೆಯ ಮೇಲಿಟ್ಟ ಅನ್ನದಲ್ಲಿ ಹೆಚ್ಚಿನ ಸಲ ಏನೂ ಆಗುವುದಿಲ್ಲ, ಆದ ಸಲ ಒಂದು ದಿನದಲ್ಲಿ ವಾಸಿಯಾಗಿ ಮರೆತೂ ಹೋಗುತ್ತದೆ. ಅಪರೂಪಕ್ಕೆ ಮಾತ್ರ ಅದು ಪ್ರಾಣಕ್ಕೆ ಎರವಾಗುತ್ತದೆ. 2003ರಲ್ಲಿ ಬೆಲ್ಜಿಯಂನಲ್ಲಿ ಸರಿಯಾಗಿ ತಣ್ಣಗಿಡದ ಪಾಸ್ತಾ ಸಾಲಡ್ ತಿಂದ ಒಂದೇ ಮನೆಯ ಮಕ್ಕಳು ಕಾಯಿಲೆ ಬಿದ್ದು, ಅವರಲ್ಲಿ ಒಬ್ಬ ಬಾಲಕಿ ಯಕೃತ್ತು ಕೈಕೊಟ್ಟು ತೀರಿಕೊಂಡದ್ದು ವೈದ್ಯಕೀಯ ದಾಖಲೆಯಲ್ಲಿದೆ.

ಒಂದು ರಾತ್ರಿಯ ಲೆಕ್ಕ

ಬೇಸಗೆಯ ಒಂದು ದಿನ. ಅಡುಗೆಮನೆಯ ಶಾಖ 30 ಡಿಗ್ರಿ. ಎಂಟು ಗಂಟೆಗೆ ಎರಡು ಪಾವು ಅಕ್ಕಿಯ ಅನ್ನ ಕುಕ್ಕರಿನಿಂದ ಇಳಿಯುತ್ತದೆ. ಒಂಬತ್ತರ ಹೊತ್ತಿಗೆ ಊಟ ಮುಗಿದು ಅರ್ಧದಷ್ಟು ಉಳಿಯುತ್ತದೆ. ಬೆಳಗ್ಗೆ ಮಗುವಿನ ಡಬ್ಬಿಗೆ ಚಿತ್ರಾನ್ನ ಆಗುತ್ತದೆಂದು ಕುಕ್ಕರಿನಲ್ಲೇ ಮುಚ್ಚಿಡುತ್ತಾರೆ. ದಪ್ಪ ತಳದ ಮುಚ್ಚಿದ ಪಾತ್ರೆಯಾದ್ದರಿಂದ ಅನ್ನ 50 ಡಿಗ್ರಿಗೆ ಇಳಿಯುವಾಗ ಹತ್ತು ಗಂಟೆಯಾಗಿದೆ ಎಂದುಕೊಳ್ಳೋಣ. ಬೀಜಾಣುಗಳು ಎಚ್ಚೆತ್ತು ಬೆಳೆಯತೊಡಗಲು ಇನ್ನೊಂದು ಗಂಟೆ ಕೊಡೋಣ. ಹನ್ನೊಂದಕ್ಕೆ ಒಂದು ಗ್ರಾಂ ಅನ್ನದಲ್ಲಿ ನೂರು ಜೀವಿಗಳಿದ್ದರೆ, ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತ, ಐದು ಗಂಟೆಯ ಬಳಿಕ, ಅಂದರೆ ಬೆಳಗಿನ ನಾಲ್ಕಕ್ಕೆ, ಅವು ಒಂದು ಲಕ್ಷ ದಾಟುತ್ತವೆ. ಕಾಯಿಲೆಗೆ ಕಾರಣವಾದ ಆಹಾರಗಳಲ್ಲಿ ಸಾಮಾನ್ಯವಾಗಿ ಕಂಡುಬರುವುದು ಈ ಮಟ್ಟ ಮತ್ತು ಅದಕ್ಕೂ ಮೇಲಿನದು. ಆರು ಗಂಟೆಗೆ ಹದಿನಾರು ಲಕ್ಷ. ತಳಿ ವಿಷ ತಯಾರಿಸುವಂಥದ್ದಾದರೆ ಅಷ್ಟರೊಳಗೆ ವಿಷವೂ ಸಿದ್ಧ.

ಏಳಕ್ಕೆ ಎಣ್ಣೆ ಕಾದು ಸಾಸಿವೆ ಸಿಡಿದು, ಅನ್ನ ಬಾಣಲೆಗೆ ಬೀಳುತ್ತದೆ. ಬ್ಯಾಕ್ಟೀರಿಯ ಬಹುತೇಕ ಸಾಯುತ್ತದೆ, ವಿಷ ಉಳಿಯುತ್ತದೆ. ಮಧ್ಯಾಹ್ನ ಹನ್ನೆರಡೂವರೆಗೆ ಮಗು ಡಬ್ಬಿ ಬಿಚ್ಚುತ್ತದೆ, ಎರಡೂವರೆಗೆ ವಾಂತಿ. ಸಂಜೆ ಮನೆಯಲ್ಲಿ ವಿಚಾರಣೆಯಾಗುವುದು ಶಾಲೆಯ ನಲ್ಲಿ ನೀರಿನ ಬಗ್ಗೆ, ಗೆಳೆಯ ಹಂಚಿದ ಕುರುಕಲಿನ ಬಗ್ಗೆ.

ಈ ಲೆಕ್ಕದಲ್ಲಿ ಯಾವುದಾದರೂ ಒಂದು ಅಂಕಿ ತುಸು ಬದಲಾದರೂ ಕೊನೆ ಹೆಚ್ಚೇನೂ ಬದಲಾಗುವುದಿಲ್ಲ. ಬದಲಾಗುವುದು ಒಂಬತ್ತು ಗಂಟೆಯ ಕೆಲಸ ಬದಲಾದರೆ ಮಾತ್ರ. ಉಳಿದ ಅನ್ನವನ್ನು ಊಟ ಮುಗಿದೊಡನೆ ಅಗಲ ತಟ್ಟೆಗೆ ಹರಡಿ, ಉಗುರುಬೆಚ್ಚಗಾದಾಗ ಡಬ್ಬಿಗೆ ಹಾಕಿ, ಒಂಬತ್ತೂಮುಕ್ಕಾಲರ ಹೊತ್ತಿಗೆ ಫ್ರಿಜ್ ಸೇರಿಸಿದ್ದರೆ ಆ ನೂರು ಜೀವಿಗಳು ನೂರರ ಆಸುಪಾಸಿನಲ್ಲೇ ಉಳಿಯುತ್ತಿದ್ದವು. ಚಿತ್ರಾನ್ನಕ್ಕೂ ನಷ್ಟವಿಲ್ಲ. ತಣ್ಣಗಾದಾಗ ಪಿಷ್ಟ ಬಿಗಿಯುವುದರಿಂದ ಫ್ರಿಜ್‌ನ ಅನ್ನ ಬಾಣಲೆಯಲ್ಲಿ ಉದುರುದುರಾಗಿಯೇ ಬರುತ್ತದೆ. ಗಂಟುಗಳನ್ನು ಒದ್ದೆ ಕೈಯಿಂದ ಮೊದಲೇ ಬಿಡಿಸಿಕೊಂಡರೆ ಬ್ರಿಟನ್ನಿನ ಆ ಬಾಣಸಿಗರ ದೂರಿಗೂ ಪರಿಹಾರ ಸಿಗುತ್ತದೆ.

ಆರಿಸುವ ಕ್ರಮ

ಅನ್ನ ಆರುವ ವೇಗವನ್ನು ತೀರ್ಮಾನಿಸುವುದು ಅದರ ರಾಶಿಯ ದಪ್ಪ. ಗುಡ್ಡೆಯಾಗಿರುವ ಅನ್ನದ ಮೇಲ್ಭಾಗ ತಣ್ಣಗಿದ್ದರೂ ನಡುವೆ ಕೈಯಿಟ್ಟರೆ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಎರಡು ಬೆರಳಿಗಿಂತ ದಪ್ಪವಾಗದಂತೆ ಪರಾತದಲ್ಲೋ ಅಗಲ ತಟ್ಟೆಯಲ್ಲೋ ಹರಡಿ ಫ್ಯಾನಿನ ಕೆಳಗಿಟ್ಟರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಹಬೆ ಅಡಗುತ್ತದೆ. ಬೇಗ ಬೇಕಿದ್ದರೆ ತಟ್ಟೆಯನ್ನು ತಣ್ಣೀರಿನ ದೊಡ್ಡ ಪಾತ್ರೆಯಲ್ಲಿ ತೇಲಿಸಿಡಬಹುದು. ಮದುವೆಮನೆಯ ಅಡುಗೆಯವರು ಪುಳಿಯೋಗರೆಗೆ ಅನ್ನವನ್ನು ಅಗಲವಾಗಿ ಹರಡಿ ಆರಿಸುವುದು ಅಗುಳು ಮುರಿಯದಿರಲೆಂದು. ಸುರಕ್ಷತೆಗೂ ಬೇಕಾದದ್ದು ಅದೇ.

ಬಿಸಿ ಪದಾರ್ಥವನ್ನು ಫ್ರಿಜ್‌ನಲ್ಲಿಟ್ಟರೆ ಯಂತ್ರ ಕೆಡುತ್ತದೆ ಎಂಬ ನಂಬಿಕೆಯಿಂದ ಅನ್ನ ಪೂರ್ತಿ ತಣ್ಣಗಾಗುವವರೆಗೆ ಕಾಯುವವರಿದ್ದಾರೆ. ಅಷ್ಟು ಕಾಯಬೇಕಿಲ್ಲ. ಹಬೆ ಹೋಗಿ ಡಬ್ಬಿ ಕೈಗೆ ಉಗುರುಬೆಚ್ಚಗೆ ಸಿಕ್ಕಿದರೆ ಸಾಕು. ಹೊಗೆಯಾಡುವ ತುಂಬಿದ ಪಾತ್ರೆಯನ್ನು ನೇರ ಒಳಗಿಡುವುದೂ ಸರಿಯಲ್ಲ. ಅದರ ನಡುಭಾಗ ಬೆಚ್ಚಗೇ ಉಳಿಯುತ್ತದೆ, ಪಕ್ಕದಲ್ಲಿರುವ ಹಾಲು-ಮೊಸರಿನ ಶಾಖವೂ ಏರುತ್ತದೆ. ಅಡುಗೆ ಮುಗಿದ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುವ ಮಿತಿ. ಸುತ್ತಲಿನ ಶಾಖ 32 ಡಿಗ್ರಿ ಮೀರಿದ್ದರೆ ಒಂದೇ ಗಂಟೆ ಎನ್ನುತ್ತದೆ ಅಮೆರಿಕದ ಕೃಷಿ ಇಲಾಖೆ. ಕಲಬುರಗಿ, ರಾಯಚೂರಿನ ಏಪ್ರಿಲ್ ತಿಂಗಳಿಗೆ ಲೆಕ್ಕಕ್ಕೆ ಬರುವುದು ಎರಡನೆಯ ಮಿತಿ. ಬ್ರಿಟನ್ನಿನ ಆಹಾರ ಇಲಾಖೆ ಅನ್ನದ ವಿಷಯದಲ್ಲಿ ಇನ್ನೂ ಬಿಗಿ: ಸಾಧ್ಯವಾದರೆ ಒಂದು ಗಂಟೆಯೊಳಗೆ ತಣಿಸಿ, ಫ್ರಿಜ್‌ನಲ್ಲಿ 24 ಗಂಟೆಗಿಂತ ಹೆಚ್ಚು ಇಡಬೇಡಿ ಎನ್ನುತ್ತದೆ.

ಹಾಟ್‌ಬಾಕ್ಸ್ ಇದಕ್ಕೆ ಪರಿಹಾರವಲ್ಲ. ಅದು ಶಾಖವನ್ನು ಹುಟ್ಟಿಸುವುದಿಲ್ಲ, ಇರುವುದನ್ನು ಕೆಲಹೊತ್ತು ಹಿಡಿದಿಡುತ್ತದೆ. 60 ಡಿಗ್ರಿಗಿಂತ ಕೆಳಗಿಳಿದ ಮೇಲೆ ಅದೇ ಪೆಟ್ಟಿಗೆ ಅನ್ನವನ್ನು ಬ್ಯಾಕ್ಟೀರಿಯಕ್ಕೆ ಹಿತವಾದ ಬೆಚ್ಚಗೆಯಲ್ಲಿ ಗಂಟೆಗಟ್ಟಲೆ ಕಾಪಾಡುತ್ತದೆ. ಮಧ್ಯಾಹ್ನ ಮುಚ್ಚಿದ ಹಾಟ್‌ಬಾಕ್ಸಿನಿಂದ ರಾತ್ರಿ ಉಣ್ಣುವುದು ಕಟ್ಟೆಯ ಮೇಲಿಟ್ಟ ಅನ್ನಕ್ಕಿಂತಲೂ ಕೆಟ್ಟದ್ದಾಗಬಹುದು.

ಹುಳಿಯ ರಕ್ಷಣೆ

ಫ್ರಿಜ್ ಇಲ್ಲದ ಕಾಲದಲ್ಲಿ ಅನ್ನವನ್ನು ಕಾಯ್ದದ್ದು ಹುಳಿ. ಆಮ್ಲತೆ ಒಂದು ಮಟ್ಟ ದಾಟಿದರೆ, ಪಿಎಚ್ ಅಳತೆಯಲ್ಲಿ ಸುಮಾರು 4.6ಕ್ಕಿಂತ ಕೆಳಗಿಳಿದರೆ, ಬ್ಯಾಸಿಲಸ್ ಸೀರಿಯಸ್ ಬೆಳೆಯಲು ಒದ್ದಾಡುತ್ತದೆ. ಹುಣಿಸೆ ಗೊಜ್ಜು ಧಾರಾಳವಾಗಿ ಬಿದ್ದ ಪುಳಿಯೋಗರೆ ಪ್ರಯಾಣದ ಬುತ್ತಿಯಾದದ್ದಕ್ಕೆ ಇದೇ ಆಧಾರ. ಆದರೆ ದೊಡ್ಡ ಬೋಗುಣಿ ಅನ್ನಕ್ಕೆ ಒಂದು ನಿಂಬೆಹಣ್ಣು ಹಿಂಡಿದ ಚಿತ್ರಾನ್ನಕ್ಕೆ ಈ ಭರವಸೆ ಇಲ್ಲ. ನಾಲಿಗೆಗೆ ಹುಳಿ ಎನಿಸುವುದು ಬೇರೆ, ಪ್ರತಿ ಅಗುಳೂ ಅಷ್ಟು ಹುಳಿಯಾಗಿರುವುದು ಬೇರೆ.

ಮೊಸರನ್ನದಲ್ಲಿ ಇನ್ನೂ ಸೂಕ್ಷ್ಮವಿದೆ. ಡಬ್ಬಿಯಲ್ಲಿ ಹುಳಿಯಾಗದಿರಲೆಂದು ಬಿಸಿ ಅನ್ನಕ್ಕೆ ಹಾಲು ಹೆಚ್ಚು ಹಾಕಿ, ಒಂದು ಚಮಚ ಮೊಸರು ಬೆರೆಸುವುದು ರೂಢಿ. ಹಾಗೆ ಮಾಡಿದಾಗ ಮೊದಲ ಕೆಲವು ಗಂಟೆ ಅದು ಹುಳಿಯೇ ಇಲ್ಲದ ಬೆಚ್ಚನೆಯ ಹಾಲನ್ನ. ಆರಿದ ಅನ್ನಕ್ಕೆ ಮೊಸರನ್ನೇ ಹೆಚ್ಚು ಹಾಕಿದ್ದು ಅದಕ್ಕಿಂತ ಮೇಲು. ರಾತ್ರಿ ನೀರು-ಮಜ್ಜಿಗೆ ಹಾಕಿಟ್ಟು ಬೆಳಗ್ಗೆ ಉಣ್ಣುವ ತಂಗಳಿನಲ್ಲಿ ಮಜ್ಜಿಗೆಯ ಲ್ಯಾಕ್ಟಿಕ್ ಬ್ಯಾಕ್ಟೀರಿಯ ಬೇಗ ಬೆಳೆದು ಹುಳಿ ತರುತ್ತದೆ. ಬರಿಯ ಅನ್ನಕ್ಕಿಂತ ಇದು ಎಷ್ಟೋ ವಾಸಿ. ಮಜ್ಜಿಗೆ ಸಾಕಷ್ಟಿರಬೇಕು, ಮೊದಲಿನಿಂದಲೇ ಇರಬೇಕು, ಅಷ್ಟೆ. ಹನ್ನೊಂದು ಗಂಟೆಯವರೆಗೆ ಹೊರಗಿದ್ದ ಅನ್ನಕ್ಕೆ ಆಮೇಲೆ ಹಾಕಿದ ಮಜ್ಜಿಗೆ ಮೊದಲು ಆದ ಕೆಡುಕನ್ನು ತೆಗೆಯದು.

ಫ್ರಿಜ್‌ನ ಬಳಕೆ

ಫ್ರಿಜ್ ಒಳಗಿನ ಶಾಖ 5 ಡಿಗ್ರಿ ಮೀರಬಾರದು. ಒಳಗಿರುವ ಗುಂಡಿಯ ಮೇಲಿನ 1ರಿಂದ 5 ಅಥವಾ 7ರವರೆಗಿನ ಅಂಕಿ ಡಿಗ್ರಿಯಲ್ಲ, ತಂಪಿನ ಬಿರುಸು. ಸಾಮಾನ್ಯವಾಗಿ ಅಂಕಿ ದೊಡ್ಡದಾದಷ್ಟೂ ತಂಪು ಹೆಚ್ಚು. ನಿಜವಾದ ಶಾಖ ತಿಳಿಯಲು ಒಂದು ಲೋಟ ನೀರಿನಲ್ಲಿ ಫ್ರಿಜ್ ಥರ್ಮಾಮೀಟರ್ ಮುಳುಗಿಸಿ ನಡುವಿನ ಹಲಗೆಯ ಮೇಲಿಟ್ಟು, ರಾತ್ರಿ ಕಳೆದ ಮೇಲೆ ಬಾಗಿಲು ತೆರೆದ ಕೂಡಲೇ ಓದಬೇಕು. ಗಾಳಿಯಲ್ಲಿ ತೂಗಿಬಿಟ್ಟರೆ ಬಾಗಿಲು ತೆರೆದಾಗಲೆಲ್ಲ ಅಂಕಿ ಕುಣಿಯುತ್ತದೆ. ವಾರಕ್ಕೊಮ್ಮೆ ಸಂತೆಯಿಂದ ತಂದ ಸೊಪ್ಪು-ತರಕಾರಿಯನ್ನೆಲ್ಲ ಒತ್ತಿ ತುಂಬಿದ ದಿನ ತಂಪುಗಾಳಿ ಸುಳಿಯಲು ದಾರಿಯಿಲ್ಲದೆ ಅದೇ ಫ್ರಿಜ್ 9-10 ಡಿಗ್ರಿ ತೋರಿಸಿದರೆ ಅಚ್ಚರಿಯಿಲ್ಲ. ಈ ಜೀವಿಯ ಕೆಲವು ತಳಿಗಳಿಗೆ ಅಷ್ಟೇ ಸಾಕು.

ಬಾಗಿಲಿನ ತಟ್ಟೆಗಳು ಎಲ್ಲಕ್ಕಿಂತ ಬೆಚ್ಚಗಿರುವ ಜಾಗ. ಅಲ್ಲಿ ಉಪ್ಪಿನಕಾಯಿ, ಸಾಸಿನ ಬಾಟಲಿ ಇರಲಿ, ಅನ್ನದ ಡಬ್ಬಿ ಒಳಗಿನ ಹಲಗೆಗೆ ಹೋಗಲಿ. ಹಸಿ ಮೀನು-ಮಾಂಸ ತಳದಲ್ಲಿ, ಬೇಯಿಸಿದ್ದು ಮೇಲೆ. ತಿರುಗಮುರುಗಾದರೆ ಮೇಲಿನ ರಸ ಕೆಳಗಿನ ಪಾತ್ರೆಗೆ ತೊಟ್ಟಿಕ್ಕುತ್ತದೆ. ಕರೆಂಟು ಹೋದಾಗ ಬಾಗಿಲು ತೆರೆಯದಿದ್ದರೆ ತಂಪು ಸುಮಾರು ನಾಲ್ಕು ಗಂಟೆ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಹೋಗಿದ್ದರೆ ಮೊದಲು ಚೆಲ್ಲಬೇಕಾದ್ದು ಅನ್ನ, ಬೇಳೆ, ಮಾಂಸದ ಅಡುಗೆ.

ಮರುಬಿಸಿ

ಸರಿಯಾಗಿ ಎತ್ತಿಟ್ಟ ಅನ್ನಕ್ಕೆ ಬಿಸಿ ಎರಡನೆಯ ಕಾವಲು. ಬೇಕಾದಷ್ಟನ್ನು ಮಾತ್ರ ತೆಗೆದುಕೊಂಡು, ಉಳಿದದ್ದನ್ನು ಕೂಡಲೇ ಒಳಗಿಡಬೇಕು. ಇಡೀ ಡಬ್ಬಿಯನ್ನು ಬಿಸಿ ಮಾಡಿ ಮತ್ತೆ ಫ್ರಿಜ್‌ಗಿಡುವುದರಿಂದ ಪ್ರತಿ ಸಲವೂ ಅನ್ನ ಅಪಾಯದ ಶಾಖವನ್ನು ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಹಾದುಹೋಗುತ್ತದೆ. ಹೀಗಾಗಿ ಬಿಸಿ ಒಂದೇ ಸಲ. ನಡುಭಾಗ 74 ಡಿಗ್ರಿ ಮುಟ್ಟಬೇಕು, ಅಂದರೆ ತೆರೆದಾಗ ನಡುವಿನಿಂದಲೂ ಹಬೆ ಏಳಬೇಕು. ಮೈಕ್ರೋವೇವ್ ಅಲ್ಲಲ್ಲಿ ತಣ್ಣನೆಯ ತಾಣಗಳನ್ನು ಉಳಿಸುವುದರಿಂದ ಗಂಟು ಬಿಡಿಸಿ, ಒಂದೆರಡು ಚಮಚ ನೀರು ಚಿಮುಕಿಸಿ, ಮುಚ್ಚಿ, ಅರ್ಧದಲ್ಲಿ ಒಮ್ಮೆ ತಿರುವಿ, ಆದ ಮೇಲೆ ಎರಡು ನಿಮಿಷ ಹಾಗೆಯೇ ಬಿಡಬೇಕು. ಇಡ್ಲಿ ಪಾತ್ರೆಯ ಹಬೆ ನಿಧಾನವಾದರೂ ಒಂದೇ ಸಮನಾಗಿ ಕಾಯಿಸುತ್ತದೆ. ಬಿಸಿ ಸಾರನ್ನು ತಣ್ಣನೆಯ ಅನ್ನದ ಮೇಲೆ ಸುರಿದು ಕಲಸುವುದು ಮರುಬಿಸಿಯಾಗಲಾರದು.

ಸಾರು, ಹುಳಿಗಳ ಕಥೆ ಸ್ವಲ್ಪ ಬೇರೆ. ದೊಡ್ಡ ಪಾತ್ರೆಯಲ್ಲಿ ನಿಧಾನ ಆರುವ ಬೇಳೆ ಹುಳಿ, ಮಾಂಸದ ಸಾರಿನಲ್ಲಿ ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಎಂಬ ಇನ್ನೊಂದು ಬೀಜಾಣು ಜೀವಿ ಬೆಳೆಯುತ್ತದೆ. 45 ಡಿಗ್ರಿಯ ಹತ್ತಿರ ಅದು ಹತ್ತೇ ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಅದರಿಂದ ಬರುವ ಭೇದಿಗೆ ಕಾರಣ ಬದುಕಿರುವ ಜೀವಿಗಳು. ಆದ್ದರಿಂದ ಮಲಗುವ ಮುನ್ನ ಒಮ್ಮೆ, ಬೆಳಗ್ಗೆ ಒಮ್ಮೆ ಸಾರನ್ನು ಮರಳಿಸುವ ಹಳೆಯ ಪದ್ಧತಿಗೆ ಅರ್ಥವಿದೆ: ಉಣ್ಣುವ ಮುಂಚೆ ಚೆನ್ನಾಗಿ ಕುದಿಸಿದರೆ ಬೆಳೆದ ಜೀವಿಗಳು ಸಾಯುತ್ತವೆ. ಬೀಜಾಣು ಉಳಿದು, ಮತ್ತೆ ಆರುವಾಗ ಮತ್ತೆ ಮೊಳೆಯುತ್ತದೆ ಎಂಬುದು ಅದರ ಮಿತಿ. ತೆಂಗಿನಕಾಯಿ ರುಬ್ಬಿ ಹಾಕಿದ ಹುಳಿ, ಬರಿಯ ತಿಳಿಸಾರಿಗಿಂತ ಬೇಗ ಹಳಸುವುದು ಎಲ್ಲ ಮನೆಗಳಿಗೂ ಗೊತ್ತು. ಎರಡು ಸಣ್ಣ ಪಾತ್ರೆಗಳಿಗೆ ಪಾಲು ಮಾಡಿ, ತಣ್ಣೀರಿನಲ್ಲಿಟ್ಟು ಆರಿಸಿ ಫ್ರಿಜ್‌ಗೆ ಹಾಕಿದರೆ ಮೂರು ದಿನ ನಿಶ್ಚಿಂತೆ.

ಕಾಯಿಲೆ ಗುರುತಿಸುವುದು

ಊಟವಾದ ಎಷ್ಟು ಹೊತ್ತಿಗೆ ಏನಾಯಿತು ಎಂಬುದೇ ಇಲ್ಲಿ ಮುಖ್ಯ ಸುಳಿವು. ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ, ಜ್ವರವಿಲ್ಲದೆ, ವಾಂತಿಯೇ ಮುಖ್ಯವಾಗಿದ್ದರೆ ಮೊದಲೇ ತಯಾರಾದ ವಿಷದ ಮೇಲೆ ಅನುಮಾನ ಹೋಗಬೇಕು. ಅನ್ನದ ಸೀರ್ಯುಲೈಡ್ ಆಗಿರಬಹುದು, ಕೈಯಿಂದ ಕಲಸಿದ ತಿನಿಸಿಗೆ ಅಂಟಿದ ಸ್ಟೆಫೈಲೋಕಾಕಸ್‌ನ ವಿಷವೂ ಆಗಿರಬಹುದು. ಎರಡೂ ಬಿಸಿಗೆ ಬಗ್ಗುವುದಿಲ್ಲ. ಆರು ಗಂಟೆ ದಾಟಿದ ಮೇಲೆ ಹೊಟ್ಟೆ ನುಲಿದು ನೀರಾದ ಭೇದಿಯಾದರೆ ಕರುಳಿನಲ್ಲಿ ಬೆಳೆದ ಬ್ಯಾಕ್ಟೀರಿಯದ ಕಡೆಗೆ ನೋಡಬೇಕು. ಮನೆಯಲ್ಲಿ ಪದೇಪದೇ ಹೀಗಾಗುತ್ತಿದ್ದರೆ, ಪ್ರತಿ ಸಲ ಏನು ತಿಂದದ್ದು, ಅದು ಯಾವಾಗ ಬೇಯಿಸಿದ್ದು, ಎಷ್ಟು ಹೊತ್ತಿಗೆ ಶುರುವಾಯಿತು ಎಂದು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟರೆ ವೈದ್ಯರಿಗೆ ಅದು ದೊಡ್ಡ ನೆರವು. ತಂಗಳಿಗೂ ಕಾಯಿಲೆಗೂ ತಾಳೆಯಾಗದಿದ್ದರೆ ಹಾಲು ಒಗ್ಗದಿರುವುದು, ನೀರು, ವೈರಾಣು ಮುಂತಾದ ಬೇರೆ ಕಾರಣಗಳನ್ನು ಹುಡುಕಬೇಕಾಗುತ್ತದೆ.

ಹೆಚ್ಚಿನವರಿಗೆ ಒಂದು ದಿನದೊಳಗೆ ತಾನಾಗಿ ಇಳಿಯುತ್ತದೆ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ, ಗುಟುಕು ಗುಟುಕಾಗಿ ಕುಡಿಸುವುದು ಮುಖ್ಯ ಚಿಕಿತ್ಸೆ. ಸೀರ್ಯುಲೈಡಿಗೆ ಆ್ಯಂಟಿಬಯಾಟಿಕ್ ಉಪಯೋಗವಿಲ್ಲ. ಕೊಲ್ಲಲು ಅಲ್ಲಿ ಜೀವಿಯೇ ಇರಬೇಕೆಂದಿಲ್ಲ. ಭೇದಿಯಲ್ಲಿ ರಕ್ತ, ಬಿಡದ ಜ್ವರ, ಮೂತ್ರ ಬಾರದಿರುವುದು, ಕೂಸು-ಮುದುಕರಲ್ಲಿ ನಿಲ್ಲದ ವಾಂತಿ, ಕಣ್ಣು ಹಳದಿಯಾಗುವುದು, ಮಂಪರು ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಉಳಿದ ಅನ್ನವಿದ್ದರೆ ಅದನ್ನು ಚೆಲ್ಲದೆ ಮುಚ್ಚಿ, ಯಾರೂ ತಿನ್ನದಂತೆ ಗುರುತು ಹಾಕಿ ಫ್ರಿಜ್‌ನಲ್ಲಿ ಬೇರೆಯಾಗಿಟ್ಟಿದ್ದರೆ ಪ್ರಯೋಗಾಲಯಕ್ಕೆ ಕಳುಹಿಸಲು ಬರುತ್ತದೆ.